ಎರಡು ತಾಸಿಗೊಮ್ಮೆ

ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಅಂದೇ ದಾದಿಯರ ದಿನ. ಅಂದು ನರ್ಸಿಂಗ್ ವಿದ್ಯಾರ್ಥಿಗಳೆದುರು ಮಾತಾಡುವವರು ಆಕೆಯ ದೀಪವನ್ನು ಹೊಗಳಿ ಕೂಡುವುದೇ ಹೆಚ್ಚು. ಐದು ನಿಮಿಷ ಸಿಕ್ಕರೆ ಹಾಸಿಗೆ ಹುಣ್ಣಿನ ಮಾತು ಲೇಸು. ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಆರೈಕೆಯದು ಎಂದು ಆಕೆಯೇ 1859ರಲ್ಲಿ ಬರೆದಳು.

ನವಲಗುಂದದ ಕಡೆಯ ಅಜ್ಜಿಯೊಬ್ಬಳು ಲಕ್ವ ಹೊಡೆದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಳೆ ಎನ್ನಿ. ಮೈಭಾರ ಬಿದ್ದು ಸೊಂಟದ ಹಿಂದಿನ ಎಲುಬಿನ ಮೇಲಿನ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದು. ಬೇಸಿಗೆಯ ಬೆವರು, ಒದ್ದೆ ಹಾಸಿಗೆ ಸೇರಿದರೆ ಚರ್ಮ ಬೇಗ ಕೆಡುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ನೋಡಬೇಕು. ಬೆಳ್ಳಗಾಗದೆ ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾದಂತೆ. ಕಪ್ಪು ಮೈಯಲ್ಲಿ ಕೆಂಪು ಕಾಣದು. ಬಿಸಿ, ಗಡಸುತನವನ್ನು ಮುಟ್ಟಿಯೇ ತಿಳಿಯಬೇಕು. ಮನೆಯವರು ಎಣ್ಣೆ ಹಚ್ಚಿ ತಿಕ್ಕುವುದುಂಟು; ಅದರಿಂದ ಒಳಗಿನ ಮಾಂಸಕ್ಕೆ ಪೆಟ್ಟು.

ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು ರೂಢಿ, ದಿನಕ್ಕೆ 12 ಸಲ. ಪರದೆ ಎಳೆದು, "ಯವ್ವಾ, ಈಗ ಎಡಕ್ಕ ಹೊರಳಸ್ತೀವ್ರಿ" ಎಂದು ಹೇಳಿ, ಇಬ್ಬರು ಚಾದರ ಹಿಡಿದು ಎತ್ತಬೇಕು, ಎಳೆಯಬಾರದು. ಮಾತು ನಿಂತ ಅಜ್ಜಿಗೂ ಮರ್ಯಾದೆ ಬೇಕಲ್ಲವೇ! ನಸುಕಿನ ಸರದಿ ತಪ್ಪಿಸಿ ಚಾರ್ಟಿನಲ್ಲಿ ಸುಮ್ಮನೆ ಸಮಯ ಬರೆದರೆ ಅಂದು ಯಾರಿಗೂ ಗೊತ್ತಾಗದು. ನಾಲ್ಕು ದಿನದಲ್ಲಿ ಅಜ್ಜಿಯ ಬೆನ್ನಿನಲ್ಲಿ ಕಾಣುತ್ತದೆ.