ಕೈಯಿಂದ ಹಾಕಿದ ಹಣ, ಅರ್ಧ ರಸೀದಿ

ಕಂಪನಿ ಕೆಲಸಕ್ಕೆ ಹುಬ್ಬಳ್ಳಿಗೆ ಹೋದ ನೌಕರರೊಬ್ಬರು ಸ್ವಂತ ಖಾತೆಯಿಂದ 4,200 ರೂಪಾಯಿ ಖರ್ಚು ಮಾಡಿದರು ಎನ್ನೋಣ. ಲಾಡ್ಜ್, ಬಸ್ಸಿನ 3,600ಕ್ಕೆ ಬಿಲ್ ಇದೆ. ಆಟೊಗಳಿಗೆ ಕೊಟ್ಟ 600ಕ್ಕೆ ಇಲ್ಲ. ಬಿಲ್ ಇಲ್ಲವೆಂಬ ಒಂದೇ ಕಾರಣಕ್ಕೆ ಆ 600 ಕೈಬಿಡುವುದು ಅನ್ಯಾಯ. ದಿನಾಂಕ, ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ ಎಂದು ಬರೆದು ಸಹಿ ಮಾಡಿದ ವೋಚರ್, ಮೇಲಧಿಕಾರಿಯ ಒಪ್ಪಿಗೆ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬಹುದು. ಯುಪಿಐ ವಿವರ ಜೊತೆಗಿರಲಿ. ಆದರೆ ಅದು ಹಣ ಹೋದದ್ದನ್ನಷ್ಟೇ ತೋರಿಸುತ್ತದೆ, ಯಾತಕ್ಕೆಂದು ಹೇಳುವುದಿಲ್ಲ.

ಪುಸ್ತಕದಲ್ಲಿ ಪ್ರಯಾಣ ವೆಚ್ಚಕ್ಕೆ 4,200 ಖರ್ಚು, ನೌಕರರ ಹೆಸರಿಗೆ ಅಷ್ಟೇ ಜಮಾ. ಬ್ಯಾಂಕಿನಿಂದ ಹಣ ಕೊಟ್ಟ ದಿನ ಆ ಬಾಕಿ ತೀರುತ್ತದೆ. ಅಂದು ಮತ್ತೆ ಖರ್ಚೆಂದು ಬರೆದರೆ ವೆಚ್ಚ ಎರಡು ಪಟ್ಟಾಗುತ್ತದೆ. ವೋಚರೂ ಇಲ್ಲದೆ ತಿಂಗಳು ತಿಂಗಳೂ ಕೊಟ್ಟ ಹಣವನ್ನು ತೆರಿಗೆ ಅಧಿಕಾರಿ ಸಂಬಳವೆಂದೇ ಎಣಿಸಬಹುದು.