ನಿಮಗಿದು ಗೊತ್ತೆ? ಮಗ್ಗಿ ಕೋಷ್ಟಕದಲ್ಲಿ ಮೆಟ್ಟಿಲಿಳಿಯುವ ಹುಡುಕಾಟ

ಬೆಂಗಳೂರಿನ ಮಾರತ್ತಹಳ್ಳಿಯ ಸಾಫ್ಟ್‌ವೇರ್ ತರಬೇತಿ ಕೇಂದ್ರಗಳಲ್ಲಿ ಸಂದರ್ಶನಕ್ಕೆ ಸಿದ್ಧರಾಗುವವರು ಅಭ್ಯಾಸ ಮಾಡುವ ಲೆಕ್ಕವೊಂದಿದೆ: ಸಾಲುಗಳೂ ಕಂಬಸಾಲುಗಳೂ ಏರಿಕೆಯ ಕ್ರಮದಲ್ಲಿರುವ ಕೋಷ್ಟಕದಲ್ಲಿ ಒಂದು ಸಂಖ್ಯೆಯನ್ನು ಬೇಗ ಹುಡುಕುವುದು ಹೇಗೆ?

1ರಿಂದ 10ರವರೆಗಿನ ಮಗ್ಗಿಯ ಚೌಕ ಅಂಥದ್ದೇ ಕೋಷ್ಟಕ. ಅದರಲ್ಲಿ 42 ಹುಡುಕೋಣ. ಮೇಲಿನ ಬಲಮೂಲೆಯಲ್ಲಿ 10 ಇದೆ. ಅದು ಆ ಸಾಲಿನಲ್ಲೇ ದೊಡ್ಡದು, ಆದರೂ 42ಕ್ಕಿಂತ ಚಿಕ್ಕದು. ಹಾಗಾಗಿ ಇಡೀ ಸಾಲನ್ನು ಬಿಟ್ಟು ಕೆಳಗಿಳಿಯಬಹುದು. 20, 30, 40 ದಾಟಿದರೆ 50 ಸಿಗುತ್ತದೆ. ಅದು 42ಕ್ಕಿಂತ ದೊಡ್ಡದು, ಅದರ ಕೆಳಗಿನವು ಇನ್ನೂ ದೊಡ್ಡವು. ಆ ಕಂಬಸಾಲನ್ನೇ ಬಿಟ್ಟು ಎಡಕ್ಕೆ ಸರಿಯಬೇಕು. ಅಲ್ಲಿಂದ ಎಡಕ್ಕೆ 45, 40, ಕೆಳಗೆ 48, ಎಡಕ್ಕೆ 42!

ನೋಡಿದ್ದು 9 ಮನೆ ಮಾತ್ರ. ಪ್ರತಿ ಹೆಜ್ಜೆಗೂ ಒಂದು ಸಾಲೋ ಕಂಬಸಾಲೋ ಕಳಚುವುದರಿಂದ, 100 ಮನೆಗಳಲ್ಲಿ 19ಕ್ಕಿಂತ ಹೆಚ್ಚು ನೋಡಬೇಕಾಗುವುದೇ ಇಲ್ಲ. 43ರಂತೆ ಇಲ್ಲದ ಸಂಖ್ಯೆ ಹುಡುಕಿದರೆ ನಡಿಗೆ ಕೋಷ್ಟಕದ ಅಂಚು ದಾಟುತ್ತದೆ. ಅದೇ ‘ಇಲ್ಲ’ ಎಂಬ ಉತ್ತರ.

ಕೆಳಗಿನ ಎಡಮೂಲೆಯಿಂದ ಹೊರಟರೂ ಸರಿಯೇ. ಮೇಲಿನ ಎಡಮೂಲೆಯಿಂದ ಮಾತ್ರ ಆಗದು: ಅಲ್ಲಿ ಬಲಕ್ಕೂ ಕೆಳಕ್ಕೂ ಸಂಖ್ಯೆ ಬೆಳೆಯುವುದರಿಂದ ಯಾವ ಕಡೆ ಹೋಗಬೇಕೆಂದು ತಿಳಿಯುವುದಿಲ್ಲ.