ಎರಡು ನಲ್ಲಿ, ಒಂದು ಭಾಷಣ

ಶಾಲಾ ಸಂಸತ್ತಿನ ಚುನಾವಣೆಗೆ ನಿಂತ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಶುರು ಮಾಡುತ್ತಾಳೆ ಎಂದುಕೊಳ್ಳಿ: “ಊಟದ ಬಿಡುವು 40 ನಿಮಿಷ, ನಲ್ಲಿ ಎರಡೇ. ಆರನೇ ತರಗತಿಯ ಮಕ್ಕಳು ತಮ್ಮ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆದು, ಎಂಜಲು ತಟ್ಟೆಯನ್ನೇ ಚೀಲಕ್ಕೆ ತುರುಕಿಕೊಂಡು ಓಡುತ್ತಾರೆ.”

ಕೇಳುಗರ ಭಾವನೆಯನ್ನು ಹೀಗೆ ಮುಟ್ಟುವುದನ್ನು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಪೇಥೋಸ್ ಎಂದ. ‘ನಮ್ಮ ಕಷ್ಟ ಕೇಳುವವರಿಲ್ಲ’ ಎಂದು ಗೋಳಾಡಿದ್ದರೆ ಯಾರಿಗೂ ನಾಟುತ್ತಿರಲಿಲ್ಲ. ಆ ಎಂಜಲು ತಟ್ಟೆ ಕಣ್ಣಿಗೆ ಕಟ್ಟುತ್ತದೆ.

ಮುಂದಿನದು ಲೋಗೋಸ್, ಅಂದರೆ ತರ್ಕ. “ಹೊಸ ನಲ್ಲಿ ಹಾಕಿಸುವುದು ನನ್ನ ಕೈಲಿಲ್ಲ. ಆದರೆ ಆರು, ಏಳನೇ ತರಗತಿಯವರನ್ನು ಹತ್ತು ನಿಮಿಷ ಮೊದಲೇ ಊಟಕ್ಕೆ ಬಿಟ್ಟರೆ ಎಲ್ಲರೂ ಒಟ್ಟಿಗೆ ನಲ್ಲಿಗೆ ಮುಗಿಬೀಳುವುದಿಲ್ಲ. ಇದನ್ನು ಹೆಡ್‌ಮಾಸ್ಟರ್ ಹತ್ತಿರ ಕೇಳುತ್ತೇನೆ.”

ಈಥೋಸ್, ಅಂದರೆ ಮಾತಾಡುವವರ ಮೇಲಿನ ನಂಬಿಕೆ, ಹುಟ್ಟುವುದೂ ಇಲ್ಲೇ. ಅದು ಹಳೆಯ ಹೆಸರಿನಿಂದಲ್ಲ, ಆಡುವ ಮಾತಿನಿಂದಲೇ ಮೂಡಬೇಕು ಎಂದ ಅರಿಸ್ಟಾಟಲ್; ವಿವೇಕ, ಸದ್ಗುಣ, ಕೇಳುಗರ ಬಗ್ಗೆ ಹಿತಚಿಂತನೆ ಅದರ ಮೂಲ ಎಂದೂ ಹೇಳಿದ. ‘ನನ್ನ ಕೈಲಿಲ್ಲ’ ಎಂಬ ಎರಡು ಪದ ‘ನಾನು ಪ್ರಾಮಾಣಿಕಳು’ ಎಂಬ ಘೋಷಣೆಗಿಂತ ಹೆಚ್ಚು ನಂಬಿಸುತ್ತವೆ. ಎದುರಾಳಿ ಪ್ರತಿ ಕೋಣೆಗೂ ಎಸಿ ಹಾಕಿಸುತ್ತೇನೆಂದರೆ ಚಪ್ಪಾಳೆ ಬಿದ್ದೀತು. ಹಿಂದಿನ ಬೆಂಚಿನಿಂದ ಯಾರಾದರೂ “ದುಡ್ಡು ಎಲ್ಲಿಂದ?” ಎಂದು ಕೇಳಿದರೆ ತರ್ಕದ ಜೊತೆಗೆ ನಂಬಿಕೆಯೂ ಕುಸಿಯುತ್ತದೆ.